ಎರಡನೆಯವರಾಗಿ ಉಳಿದವರಿಗೆ ನಾನು ಬರೆಯುವ ಮೇಲ್

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ನನ್ನ ಕೆಲಸ. ಆಫೀಸಿಗೆ ಜನ ತೆಗೆದುಕೊಳ್ಳೋದು, ಅವರ ಹಾಜರಿ, ಪಿಎಫ್, ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಅರ್ಜಿ ಹಾಕಿ ಆಯ್ಕೆಯಾಗದವರಿಗೆ ಮೇಲ್ ಬರೆಯೋದೂ ಅದರಲ್ಲೇ ಸೇರಿದೆ.

ಅರ್ಜಿ ನೋಡಿದಾಗಲೇ ಕೈಬಿಟ್ಟವರಿಗೆ ಬರೆಯೋದು ಸುಲಭ. ಎರಡು ಸಾಲು ಸಾಕು: ಅರ್ಜಿ ಬಂತು, ಆಯ್ಕೆಯಾಗಿಲ್ಲ. ಕಾರಣ ಬೇಡ, ಹೊಗಳಿಕೆಯೂ ಬೇಡ. ಒಂದೇ ಮೇಲನ್ನು ಎಲ್ಲರಿಗೂ ಕಳಿಸುವಾಗ ವಿಳಾಸಗಳು `Bcc`ಯಲ್ಲಿ ಇವೆಯಾ ಅಂತ ನೋಡಿಕೊಂಡರೆ ಆಯಿತು. ಇಲ್ಲದಿದ್ದರೆ ಯಾರ್ಯಾರಿಗೆ ಕೆಲಸ ಸಿಗಲಿಲ್ಲ ಅನ್ನೋ ಪಟ್ಟಿಯೇ ಊರಿಗೆಲ್ಲ ಹೋಗುತ್ತದೆ.

ಕಷ್ಟದ್ದು ಕೊನೆಯವರೆಗೆ ಬಂದು ಎರಡನೆಯವರಾಗಿ ಉಳಿದವರದು. ಅವರು ಬಸ್ ಹಿಡಿದು ಬಂದು ಹೋಗಿರುತ್ತಾರೆ, ಮನೆಯಲ್ಲಿ ಆಸೆ ಹುಟ್ಟಿರುತ್ತದೆ. ನಮಗೂ ಅವರು ಇಷ್ಟವಾಗಿರುತ್ತಾರೆ. ಆ ಇಷ್ಟದಿಂದಲೇ ಮೇಲ್ ಮೆತ್ತಗಾಗಿ, ಓದಿದವರಿಗೆ ಆಗಿದೆಯೋ ಇಲ್ಲವೋ ಅಂತಲೇ ತಿಳಿಯದ ಹಾಗೆ ಆಗಿಬಿಡುತ್ತದೆ.

ಲೆಕ್ಕ ಸಹಾಯಕರ ಹುದ್ದೆಗೆ ನಾವು ಜನ ಹುಡುಕಿದಾಗಿನ ಮಾತು ಹೇಳುತ್ತೇನೆ. ಡಿಸೆಂಬರ್ ಕೊನೆ, ಜನವರಿ ಹೊತ್ತಿಗೆ ಹೊಸ ತೊಗರಿ ಎಪಿಎಂಸಿಗೆ ಬರಲು ಶುರುವಾಗುತ್ತದೆ. ಆಮೇಲೆ ಖರೀದಿ ಬಿಲ್ಲು, ತೂಕದ ಚೀಟಿ, ಲಾರಿ ಬಾಡಿಗೆ ಅಂತ ಆಫೀಸಿನಲ್ಲಿ ತಲೆ ಎತ್ತಲು ಆಗಲ್ಲ. ಅದರ ನಡುವೆ ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಹೋಗಬೇಕು. ಅದಕ್ಕೇ ಜಾಹೀರಾತಿನಲ್ಲಿ 'ಜಿಎಸ್‌ಟಿ ರಿಟರ್ನ್ ಮಾಡಿದ ಅನುಭವ ಇದ್ದವರಿಗೆ ಆದ್ಯತೆ' ಅಂತ ಹಾಕಿದ್ದೆವು.

ಕೊನೆಗೆ ಇಬ್ಬರು ಉಳಿದರು. ಒಬ್ಬರು ಆಡಿಟರ್ ಆಫೀಸಿನಲ್ಲಿ ರಿಟರ್ನ್ ಕೆಲಸ ಮಾಡಿದ್ದವರು. ಇನ್ನೊಬ್ಬಳು ಸೇಡಂ ಕಡೆಯ ಹುಡುಗಿ, ಬಿಕಾಂ ಮುಗಿಸಿದವಳು. ಟ್ಯಾಲಿಯಲ್ಲಿ ಕೈ ಚೆನ್ನಾಗಿ ಓಡುತ್ತಿತ್ತು. ಪರೀಕ್ಷೆಗೆ ಅಂತ ಕೊಟ್ಟ ಬಿಲ್ಲುಗಳಲ್ಲಿ ಒಂದರ ತೂಕ, ಅದರ ಚೀಟಿಯ ತೂಕಕ್ಕೆ ಹೊಂದದ ಹಾಗೆ ಬೇಕಂತಲೇ ಇಟ್ಟಿದ್ದೆ. ಅವಳು ಅಲ್ಲೇ ನಿಲ್ಲಿಸಿ, "ಮೇಡಂ, ಇದು ತಾಳ ಆಗಲ್ಲಾಗ್ಯದ, ಹಾಂಗೇ ಹಾಕ್ಲೇನು?" ಅಂತ ಕೇಳಿದಳು. ಆದರೆ ರಿಟರ್ನ್ ಕೆಲಸ ಮಾಡಿಯೇ ಇರಲಿಲ್ಲ. ಸೀಸನ್ ಬಾಗಿಲಿಗೆ ಬಂದಾಗ ಕೂತು ಕಲಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮೇಲ್ ಬರೆಯುವ ಮುಂಚೆ ಎರಡು ಕೆಲಸ ಮುಗಿಸಿಕೊಳ್ಳುತ್ತೇನೆ. ಮೊದಲನೆಯದು, ಆಯ್ಕೆಯಾದವರು ಬರುತ್ತೇನೆ ಅಂತ ಬರವಣಿಗೆಯಲ್ಲಿ ಒಪ್ಪಿರಬೇಕು. ಅಲ್ಲಿಯವರೆಗೆ ಎರಡನೆಯವರಿಗೆ 'ಇಲ್ಲ' ಅನ್ನಲ್ಲ, ಸುಮ್ನೆಯೂ ಇರಲ್ಲ. 'ನಿರ್ಧಾರ ಇನ್ನೂ ಆಗಿಲ್ಲ, ಮುಂದಿನ ಶುಕ್ರವಾರದೊಳಗೆ ತಿಳಿಸುತ್ತೇನೆ' ಅಂತ ಒಂದು ಸಾಲು ಹಾಕುತ್ತೇನೆ. ಹೇಳಿದ ದಿನದೊಳಗೆ ತಿಳಿಸುತ್ತೇನೆ ಕೂಡ.

ಎರಡನೆಯದು ಮಾಲೀಕರ ಒಪ್ಪಿಗೆ. ನಮ್ಮ ಕಡೆ ಯಾರೋ ಒಬ್ಬರು ಇನ್ನೊಬ್ಬರಿಗೆ ಬೀಗರು, ಇಲ್ಲವೇ ಓಣಿಯವರು ಆಗಿಯೇ ಇರುತ್ತಾರೆ. ನಾನು ಎಷ್ಟು ಗಟ್ಟಿಯಾಗಿ 'ಮುಗಿಯಿತು' ಅಂತ ಬರೆದರೂ, ಸಂಜೆ ಒಬ್ಬ ಕಾಕಾ ಫೋನ್ ಮಾಡಿದ ಕೂಡಲೇ ಮಾಲೀಕರು "ನೋಡೋಣ್ರೀ" ಅಂದುಬಿಟ್ಟರೆ ಆ ಮೇಲಿಗೆ ಬೆಲೆ ಇರಲ್ಲ. ಅದಕ್ಕೆ ಕಳಿಸುವ ಮುಂಚೆ ಅವರ ಮುಂದಿಟ್ಟು, "ಇದು ಹೋದ ಮೇಲೆ ಯಾರು ಕೇಳಿದರೂ ಇದೇ ಉತ್ತರ, ಆಯ್ತಾ ಸರ್?" ಅಂತ ಕೇಳುತ್ತೇನೆ.

ಆ ಹುಡುಗಿಯ ವಿಷಯ ಮಾತಾಡುವಾಗ ನಮ್ಮ ಪಾಲುದಾರರೊಬ್ಬರು, "ಮದುವೆ ವಯಸ್ಸಿನಾಕಿ, ವರ್ಷದಾಗ ಬಿಟ್ಟು ಹೋಗ್ತಾಳ, ಅದನ್ನೂ ಹಿಡೀರಿ" ಅಂದರು. "ಹಾಗಾದರೆ ಮೇಲ್‌ನಲ್ಲಿ ಕಾರಣ ಅಂತ ಅದನ್ನೇ ಬರೆಯಲಾ?" ಅಂದೆ. ಅವರು ಮಾತು ಬದಲಿಸಿದರು. ಕೊನೆಗೆ ರಿಟರ್ನ್ ಅನುಭವ ಒಂದನ್ನೇ ಇಟ್ಟುಕೊಂಡು ನಿರ್ಧಾರ ಮಾಡಿದೆವು.

ಕಳಿಸಿದ ಮೇಲ್ ಹೀಗಿತ್ತು. ಅವಳು ಅರ್ಜಿ ಕನ್ನಡದಲ್ಲಿ ಹಾಕಿದ್ದಳು, ನಾನೂ ಕನ್ನಡದಲ್ಲೇ ಬರೆದೆ. ಮೇಲೆ ಅವಳ ಹೆಸರು ಇತ್ತು.

ವಿಷಯ: ಲೆಕ್ಕ ಸಹಾಯಕ ಹುದ್ದೆ, ಸಂದರ್ಶನದ ಫಲಿತಾಂಶ

ನಮಸ್ಕಾರ.

ಲೆಕ್ಕ ಸಹಾಯಕ ಹುದ್ದೆಗೆ ನೀವು ಆಯ್ಕೆಯಾಗಿಲ್ಲ. ಬೇರೊಬ್ಬರು ಆಯ್ಕೆಯಾಗಿ ಒಪ್ಪಿಗೆ ಕೊಟ್ಟಿದ್ದಾರೆ. ಈ ಹುದ್ದೆಯ ನೇಮಕಾತಿ ಇಲ್ಲಿಗೆ ಮುಗಿದಿದೆ.

ಸಂದರ್ಶನಕ್ಕೂ ಪರೀಕ್ಷೆಗೂ ಸೇಡಂನಿಂದ ಬಂದಿರಿ, ಅದಕ್ಕೆ ಧನ್ಯವಾದ. ಟ್ಯಾಲಿಯಲ್ಲಿ ನಿಮ್ಮ ಕೆಲಸ ಅಚ್ಚುಕಟ್ಟಾಗಿತ್ತು. ಬಿಲ್ಲಿಗೂ ತೂಕದ ಚೀಟಿಗೂ ಇದ್ದ ವ್ಯತ್ಯಾಸವನ್ನು ಯಾರೂ ಹೇಳದೆ ನೀವೇ ಕಂಡುಹಿಡಿದಿರಿ.

ನಮಗೆ ಬೇಕಿದ್ದದ್ದು ಜಿಎಸ್‌ಟಿ ರಿಟರ್ನ್ ಮಾಡಿದ ಅನುಭವ. ತೊಗರಿ ಸೀಸನ್ ಶುರುವಾಗುವುದರೊಳಗೆ ಕಲಿಸುವಷ್ಟು ಸಮಯ ನಮ್ಮಲ್ಲಿಲ್ಲ. ನಿರ್ಧಾರಕ್ಕೆ ಇದೇ ಕಾರಣ.

ನಿಮ್ಮ ಅಂಕಪಟ್ಟಿಯ ಜೆರಾಕ್ಸ್ ಈ ತಿಂಗಳ ಕೊನೆಯವರೆಗೆ ಗೇಟಿನಲ್ಲಿ ಇರುತ್ತದೆ. ಬೇಕಿದ್ದರೆ ತೆಗೆದುಕೊಳ್ಳಬಹುದು. ಆಮೇಲೆ ಹರಿದು ಹಾಕುತ್ತೇವೆ.

ಕೆಳಗೆ ನನ್ನ ಹೆಸರು, ಹುದ್ದೆ.

ನಿರ್ಧಾರ ಮೊದಲ ಸಾಲಿನಲ್ಲೇ ಇರೋದು ಒರಟು ಅಂತ ನನ್ನ ಸಹೋದ್ಯೋಗಿಗೆ ಅನಿಸಿತ್ತು. ನನಗೆ ಹಾಗೆ ಅನಿಸಲ್ಲ. ಮೊಬೈಲಿನ ನೋಟಿಫಿಕೇಶನ್‌ನಲ್ಲಿ ವಿಷಯದ ಸಾಲು, ಅದರ ಕೆಳಗೆ ಮೇಲ್‌ನ ಮೊದಲ ಕೆಲವು ಪದ ಮಾತ್ರ ಕಾಣುತ್ತವೆ. ಅಲ್ಲಿ 'ನಿಮ್ಮ ಪ್ರತಿಭೆ ನಮಗೆ ತುಂಬಾ ಮೆಚ್ಚುಗೆಯಾಯಿತು' ಅಂತ ಕಂಡರೆ ಓದುವವರು ಕೆಲಸ ಆಯಿತು ಅಂತಲೇ ತಿಳಿಯುತ್ತಾರೆ. ಮೇಲ್ ತೆರೆಯುವ ಮುಂಚೆಯೇ ಅವ್ವನಿಗೆ ಹೇಳಿಬಿಟ್ಟಿರುತ್ತಾರೆ. ಹೊಗಳಿಕೆ ಎರಡನೇ ಪ್ಯಾರಾಕ್ಕೆ ಹೋದರೆ ಆ ಅಪಾಯ ಇಲ್ಲ. ಆಗಿಲ್ಲ ಅಂತ ಗೊತ್ತಾದ ಮೇಲೆ ಓದುವ ಒಳ್ಳೆ ಮಾತನ್ನು ನಂಬುವುದೂ ಸುಲಭ.

ಹೊಗಳಿದರೆ ನಾನು ಕಣ್ಣಾರೆ ಕಂಡದ್ದನ್ನೇ ಬರೆಯುತ್ತೇನೆ, ಅದೂ ಒಂದೋ ಎರಡೋ. ತೂಕದ ಚೀಟಿ ವಿಷಯ ಬೇರೆ ಯಾರ ಮೇಲ್‌ನಲ್ಲೂ ಬರಲು ಸಾಧ್ಯವಿಲ್ಲ, ಅಲ್ವಾ?

ಕಾರಣಕ್ಕೆ ನನ್ನದೊಂದು ಅಳತೆ ಇದೆ. ಅದು ಜಾಹೀರಾತಿನಲ್ಲಿ ಇದ್ದಿರಬೇಕು, ಸಂದರ್ಶನದಲ್ಲಿ ಎಲ್ಲರಿಗೂ ಕೇಳಿರಬೇಕು. ಜಾಹೀರಾತಿನಲ್ಲಿ ಇಲ್ಲದ ಕಾರಣ ಕೊಟ್ಟರೆ, "ಮತ್ಯಾಕ ಕರದ್ರಿ ಮೇಡಂ?" ಅನ್ನೋ ಪ್ರಶ್ನೆ ಬರುತ್ತದೆ, ಅದು ನ್ಯಾಯವೂ ಹೌದು. ಆಯ್ಕೆಯಾದವರ ಜೊತೆ ಹೋಲಿಸಿ ಬರೆಯಲ್ಲ. 'ಅವರಿಗೆ ನಿಮಗಿಂತ ಜಾಸ್ತಿ ಬಂತು' ಅಂದರೆ ಅವರು ಯಾರು, ಎಷ್ಟು ಬಂತು ಅಂತ ವಾದ ಶುರು. ಪರೀಕ್ಷೆಯ ಅಂಕವನ್ನೂ ಹಾಕಲ್ಲ. ನಮ್ಮ ಕಡೆ ಎಷ್ಟೋ ಹುಡುಗರ ಮೇಲ್ ಐಡಿ ಸೈಬರ್ ಸೆಂಟರ್‌ನವರು ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವರ ಹತ್ತಿರವೇ ಇರುತ್ತದೆ, ಮೇಲನ್ನು ಮೊದಲು ಓದುವವರೂ ಅವರೇ. ಅದಕ್ಕೆ ಸಂದರ್ಶನದ ದಿನವೇ "ನೀವೇ ತೆರೆದು ನೋಡುವ ಐಡಿ ಯಾವುದು?" ಅಂತ ಕೇಳಿ ಬರೆದುಕೊಳ್ಳುತ್ತೇನೆ. ಮೇಲ್ ಹೋದ ಮೇಲೆ ವಾಟ್ಸಾಪ್‌ನಲ್ಲಿ 'ಸಂದರ್ಶನದ ಫಲಿತಾಂಶ ಮೇಲ್ ಮಾಡಿದ್ದೇನೆ' ಅಂತಷ್ಟೇ ಹಾಕುತ್ತೇನೆ. 'ಕೂಡಲೇ ಮೇಲ್ ನೋಡಿ' ಅಂದರೆ ಒಳ್ಳೆ ಸುದ್ದಿ ಅಂದುಕೊಳ್ಳುತ್ತಾರೆ.

ಕೆಲವು ಪದ ನನ್ನ ಮೇಲ್‌ನಲ್ಲಿ ಬರಲೇಬಾರದು. 'ಸದ್ಯಕ್ಕೆ', 'ಮುಂದೆ ನೋಡೋಣ', 'ನಿಮ್ಮ ಬಯೋಡೇಟಾ ನಮ್ಮಲ್ಲಿ ಇಟ್ಟುಕೊಂಡಿರುತ್ತೇವೆ'. ಬರೆಯುವವರಿಗೆ ಇವು ಬರೀ ಮರ್ಯಾದೆಯ ಮಾತು. ಓದುವವರಿಗೆ ಇವು ಬಾಗಿಲು ತೆರೆದಿದೆ ಅನ್ನೋ ಸುಳಿವು. ಹಾಗೆ ಕಾಯುತ್ತಾ ಸಿಕ್ಕ ಬೇರೆ ಕೆಲಸ ಬಿಟ್ಟವರೂ ಇದ್ದಾರೆ.

ಮೇಲನ್ನು ಬೆಳಗ್ಗೆ ಹತ್ತೂವರೆ ಸುಮಾರಿಗೆ ಕಳಿಸಿದೆ. ರಾತ್ರಿ ಕಳಿಸಿದರೆ ಅವರಿಗೆ ನಿದ್ದೆ ಇಲ್ಲ. ಶನಿವಾರ ಸಂಜೆ ಕಳಿಸಿದರೆ ಏನಾದರೂ ಕೇಳೋಣ ಅಂದರೂ ಸೋಮವಾರದವರೆಗೆ ಯಾರೂ ಸಿಗಲ್ಲ. ಇದೇ ಕಾರಣಕ್ಕೆ ಉತ್ತರ ಬರೆಯಲು ಬಾರದ ಐಡಿಯಿಂದ ಕಳಿಸೋದೂ ನನಗೆ ಸರಿ ಅನಿಸಲ್ಲ.

ಮಧ್ಯಾಹ್ನ ಉತ್ತರ ಬಂತು. "ಮೇಡಂ, ಸಂಬಳ ಕಡಿಮಿ ಕೊಟ್ರೂ ನಡೀತದ. ರಿಟರ್ನ್ ಕೆಲಸ ಹದಿನೈದು ದಿನದಾಗ ಕಲೀತೀನಿ. ಒಂದ್ ಚಾನ್ಸ್ ಕೊಡ್ರಿ." ಇದು ಬಂದೇ ಬರುತ್ತದೆ ಅಂತ ಗೊತ್ತಿದ್ದರೂ ಓದುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಇಂಥ ಮೇಲಿಗೆ ಒಂದು ಸಲ ಉತ್ತರ ಕೊಡುತ್ತೇನೆ, ಅದೇ ದಿನ. ಹೊಸ ಕಾರಣ ಒಂದನ್ನೂ ಸೇರಿಸಲ್ಲ. ಸೇರಿಸಿದರೆ ಅವರು ಅದಕ್ಕೂ ಉತ್ತರ ಹುಡುಕುತ್ತಾರೆ.

'ನೀವು ಕಲಿಯುತ್ತೀರಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಹುದ್ದೆ ತುಂಬಿದೆ, ಸಂಬಳ ಕಡಿಮೆ ಮಾಡಿದರೂ ನಿರ್ಧಾರ ಬದಲಾಗಲ್ಲ. ರಿಟರ್ನ್ ಕೆಲಸ ಕಲಿಯಬೇಕು ಅಂತಿದ್ದರೆ ಆಡಿಟರ್ ಆಫೀಸಿನಲ್ಲಿ ಕೇಳಿ ನೋಡಿ. ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯ ಜೊತೆ ತಾಳೆ ನೋಡೋದನ್ನು ಅಲ್ಲಿ ದಿನಾ ಮಾಡಿಸುತ್ತಾರೆ.' ಇಷ್ಟು ಬರೆದೆ. ಸಂಬಳದ ಮಾತನ್ನು ಹೆಸರಿಟ್ಟು ಹೇಳಿದ್ದು ಬೇಕಂತಲೇ. ಅದನ್ನು ಬಿಟ್ಟಿದ್ದರೆ ಇನ್ನೂ ಕಡಿಮೆಗೆ ಬರುತ್ತೇನೆ ಅಂತ ಮತ್ತೆ ಬರೆಯುತ್ತಿದ್ದಳು.

ಮರುದಿನ ಅವಳ ಸೋದರಮಾವ ಮಾಲೀಕರಿಗೆ ಫೋನ್ ಮಾಡಿದರು. ಅವರಿಬ್ಬರಿಗೂ ಎಪಿಎಂಸಿಯಲ್ಲಿ ಹಳೇ ಪರಿಚಯ. ಮಾಲೀಕರು, "ಆಕೀಗಿ ಮೇಲ್ ಹೋಗ್ಯದ ಅಲ್ರಿ, ಅದರಾಗ ಏನದ ಅದೇ ನಮ್ಮ ಮಾತು" ಅಂದು, ಊಟ ಆಯ್ತೇನು ಅಂತ ವಿಚಾರಿಸಿ ಫೋನ್ ಇಟ್ಟರು. ನನಗೆ ಬಂದಿದ್ದರೂ ಅಷ್ಟೇ ಹೇಳುತ್ತಿದ್ದೆ. ಕಾರಣವನ್ನು ಮಾವನಿಗೆ ಬಿಡಿಸಿ ಹೇಳುತ್ತಿರಲಿಲ್ಲ, ಅದು ಅವಳಿಗೆ ಸೇರಿದ್ದು.

ಹೀಗೆ ಬಾಗಿಲು ಮುಚ್ಚಿದರೆ, ಆಯ್ಕೆಯಾದವರು ನಡುವೆ ಬಿಟ್ಟುಹೋದಾಗ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಹೊಸದಾಗಿ ಕರೆಯುತ್ತೇವೆ, ಅಷ್ಟೇ. 'ಆ ಹುದ್ದೆ ಮತ್ತೆ ಖಾಲಿಯಾಗಿದೆ, ನಿಮಗೆ ಈಗಲೂ ಆಸಕ್ತಿ ಇದ್ದರೆ ಫೋನ್ ಮಾಡಿ' ಅಂತ ಬರೆದರೆ ಹಳೆಯ ಮೇಲ್ ಸುಳ್ಳಾಗಲ್ಲ. ಅವರು ಅಷ್ಟರಲ್ಲಿ ಬೇರೆ ಕಡೆ ಸೇರಿದ್ದರೆ ನಾವು ಮತ್ತೆ ಜಾಹೀರಾತು ಹಾಕುತ್ತೇವೆ.