‘ಯಾವಾಗ ಮುಗಿಯುತ್ತೆ?’ ಅನ್ನೋ ಪ್ರಶ್ನೆಗೆ ನಾನೀಗ ಉತ್ತರ ಕೊಡುವ ರೀತಿ

ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೀಮ್ ನೋಡಿಕೊಳ್ಳುತ್ತೇನೆ. ಆಗಸ್ಟ್ ಮೊದಲ ವಾರ ನಮ್ಮ ಮುಂದೆ 40 ಟಿಕೆಟ್ ಉಳಿದಿದ್ದವು. ಮೀಟಿಂಗ್‌ನಲ್ಲಿ ಎಲ್ಲರ ಅಂದಾಜು ಕೂಡಿಸಿದಾಗ 10 ವಾರ ಅಂತ ಬಂತು. ಎಲ್ಲ ಅಂದುಕೊಂಡ ಹಾಗೇ ನಡೆದರೆ ಎಷ್ಟು ವಾರ ಅನ್ನೋದಷ್ಟೇ ಅಂಥ ಅಂದಾಜು. ಅದಕ್ಕೇ ನಾನು ಯಾರನ್ನೂ ಮತ್ತೆ ಕೇಳಲಿಲ್ಲ. ಹಿಂದಿನ 12 ವಾರದಲ್ಲಿ ಒಂದೊಂದು ವಾರ ಎಷ್ಟು ಟಿಕೆಟ್ ಪೂರ್ತಿ ಮುಗಿದು ಬಳಕೆದಾರರ ಕೈಗೆ ಹೋಗಿದೆ ಅಂತ ಎಣಿಸಿದೆ: 4, 2, 6, 3, 0, 5, 4, 1, 5, 3, 4, 2.

ಇದರ ಸರಾಸರಿ ವಾರಕ್ಕೆ 3.25. ಭಾಗಿಸಿದರೆ 12 ವಾರ ಚಿಲ್ಲರೆ ಬರುತ್ತೆ. ಆದರೆ ಸರಾಸರಿಯಲ್ಲಿ ಆ 0 ಮತ್ತು 6 ಎರಡೂ ಕರಗಿ ಹೋಗುತ್ತವೆ, ಏರಿಳಿತ ಎಷ್ಟಿದೆ ಅಂತ ಗೊತ್ತೇ ಆಗಲ್ಲ. ಹಾಗಾಗಿ ಈ 12 ಸಂಖ್ಯೆಗಳನ್ನು ಚೀಟಿಗಳ ಹಾಗೆ ಡಬ್ಬಿಗೆ ಹಾಕಿ, ವಾರಕ್ಕೊಂದು ಎತ್ತಿ, 40ರಿಂದ ಕಳೆಯುತ್ತಾ ಹೋಗಬೇಕು. ಎತ್ತಿದ ಚೀಟಿ ಮತ್ತೆ ಡಬ್ಬಿಗೇ ಹೋಗಬೇಕು. ಸೊನ್ನೆಗೆ ಬಂದಾಗ ಎಷ್ಟು ವಾರ ಆಯ್ತು ಅಂತ ಬರೆದುಕೊಂಡು, ಮತ್ತೆ ಮೊದಲಿಂದ ಶುರು. ಇದನ್ನೇ 10,000 ಸಲ ಮಾಡೋದು.

```python
import random
vaara = [4,2,6,3,0,5,4,1,5,3,4,2]
res = []
for _ in range(10000):
    baaki, n = 40, 0
    while baaki > 0:
        baaki -= random.choice(vaara)
        n += 1
    res.append(n)
res.sort()
print(res[5000], res[8500], res[9500])
```

ಬಂದ ಉತ್ತರ 13, 15, 16. ಅಂದರೆ 13 ವಾರ ಅಂತ ಹೇಳಿದರೆ ಅದು ಮೂರಕ್ಕೆ ಸುಮಾರು ಎರಡು ಸಲ ಮಾತ್ರ ನಿಜವಾಗುತ್ತೆ. 15 ವಾರದೊಳಗೆ ಮುಗಿಯುವ ಸಾಧ್ಯತೆ 85% ದಾಟುತ್ತೆ. ಮೀಟಿಂಗ್‌ನಲ್ಲಿ ಬಂದ 10 ವಾರ ಇದ್ಯಲ್ಲ, ಅಷ್ಟರಲ್ಲಿ ಮುಗಿದದ್ದು ನೂರಕ್ಕೆ ಸುಮಾರು ಹತ್ತು ಸಲ ಮಾತ್ರ.

ಆ 0 ಬಂದ ವಾರ ಸರ್ವರ್ ತೊಂದರೆಯಿಂದ ಇಡೀ ಟೀಮ್ ಅದರಲ್ಲೇ ಮುಳುಗಿತ್ತು. ‘ಅದು ಅಪರೂಪ, ತೆಗೆದುಬಿಡಿ ಸರ್’ ಅಂತ ಒಬ್ಬರು ಹೇಳಿದರು. ನಾನು ತೆಗೆಯಲಿಲ್ಲ. ಅದೇ ತೊಂದರೆ ಮತ್ತೆ ಬರದೇ ಇರಬಹುದು, ಆದರೆ ಮೂರು ತಿಂಗಳಿಗೊಮ್ಮೆ ಏನೋ ಒಂದು ಬಂದೇ ಬರುತ್ತೆ, ಅಲ್ವಾ? ಕೆಟ್ಟ ವಾರಗಳನ್ನು ಆರಿಸಿ ತೆಗೆದರೆ ಅದೇ ಹಳೇ ಅಂದಾಜು ಹಿಂಬಾಗಿಲಿಂದ ಒಳಗೆ ಬಂದ ಹಾಗೆ.

15ಕ್ಕೇ ನಿಲ್ಲಿಸುವ ಹಾಗೂ ಇರಲಿಲ್ಲ. ಕೆಲಸಕ್ಕೆ ಕೈ ಹಾಕಿದ ಮೇಲೆ ಒಂದು ಟಿಕೆಟ್ ಒಡೆದು ಎರಡಾಗುತ್ತೆ, ಟೆಸ್ಟಿಂಗ್‌ನಲ್ಲಿ ಬಗ್ ಸಿಕ್ಕಿ ಹೊಸ ಟಿಕೆಟ್ ಹುಟ್ಟುತ್ತೆ. ಹಿಂದೆ ಮುಗಿಸಿದ ಕೆಲಸಗಳನ್ನು ತೆಗೆದು ನೋಡಿದರೆ 40 ಅಂತ ಶುರುವಾದದ್ದು 52ರವರೆಗೂ ಬೆಳೆಯುವ ಲೆಕ್ಕ ಕಾಣಿಸಿತು. ಅದಕ್ಕೆ ಕೋಡ್‌ನಲ್ಲಿ 40 ಇದ್ದ ಜಾಗಕ್ಕೆ `random.randint(40, 52)` ಹಾಕಿದೆ. 85% ಸಾಲು 17 ವಾರಕ್ಕೆ ಹೋಯ್ತು. ನನ್ನ ಅನುಭವದಲ್ಲಿ ತಾರೀಕು ತಪ್ಪೋದು ವೇಗ ಕಡಿಮೆಯಾಗಿ ಅಲ್ಲ, ಜಾಸ್ತಿ ಸಲ ಕೆಲಸವೇ ಬೆಳೆದು.

ಇನ್ನೊಂದು ವಿಷಯ ಹಬ್ಬ. ನನ್ನ 12 ವಾರ ಮೇಯಿಂದ ಜುಲೈವರೆಗಿನವು, ಅದರಲ್ಲಿ ದೊಡ್ಡ ಹಬ್ಬ ಯಾವುದೂ ಇಲ್ಲ. ಮುಂದೆ ಇರೋದು ಆಯುಧಪೂಜೆ, ದೀಪಾವಳಿ, ಅರ್ಧ ಟೀಮ್ ಊರಿಗೆ ಹೋಗುವ ಕಾಲ. ಡಬ್ಬಿಯಲ್ಲಿ ಇಲ್ಲದ್ದು ಎಷ್ಟು ಸಲ ಎತ್ತಿದರೂ ಕೈಗೆ ಬರಲ್ಲ. ಆ ಎರಡು ವಾರಕ್ಕೆ 0 ಅಂತಲೇ ಇಟ್ಟೆ. 17 ಹೋಗಿ 19 ಆಯ್ತು, ಅಂದರೆ ಡಿಸೆಂಬರ್ ಮಧ್ಯ.

ಪ್ರಾಡಕ್ಟ್ ಮೇಡಂ ಮುಖ ಸಣ್ಣದಾಯ್ತು. ‘ನವೆಂಬರ್ ಕೊನೆಗೆ ಆಗಲ್ವಾ?’ ಅಂದರು. ‘ಆಗಬಹುದು ಮೇಡಂ, ಆದರೆ ಗ್ರಾಹಕರಿಗೆ ಮಾತು ಕೊಡುವಷ್ಟು ಗಟ್ಟಿಯಿಲ್ಲ. ಯಾವ ಟಿಕೆಟ್ ಬಿಡೋಣ ಹೇಳಿ, ಈಗಲೇ ಮತ್ತೆ ಓಡಿಸಿ ತೋರಿಸುತ್ತೇನೆ’ ಅಂದೆ. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, ಅವರು ಒಂದೊಂದು ಟಿಕೆಟ್ ತೆಗೆದ ಹಾಗೆ ತಾರೀಕು ಹಿಂದೆ ಬರೋದನ್ನು ಇಬ್ಬರೂ ಕೂತು ನೋಡಿದೆವು. ಚರ್ಚೆ ‘ಇನ್ನೂ ಬೇಗ ಮಾಡಿ’ ಅನ್ನೋದರಿಂದ ‘ಯಾವುದು ಬೇಡ’ ಅನ್ನೋದಕ್ಕೆ ಬಂತು. ನನಗೆ ಬೇಕಾಗಿದ್ದೂ ಅದೇ.

ಈ ಲೆಕ್ಕ ಎಲ್ಲಿ ಮೋಸ ಮಾಡುತ್ತೆ ಅಂತಲೂ ಹೇಳಬೇಕು. ಸುಲಭದ ಟಿಕೆಟ್‌ಗಳನ್ನು ಬೇಗ ಬೇಗ ಮುಗಿಸಿ ಕಷ್ಟದವನ್ನು ಬದಿಗಿಟ್ಟಿದ್ದರೆ ವಾರದ ಸಂಖ್ಯೆ ಚೆನ್ನಾಗಿ ಕಾಣುತ್ತೆ, ಕೊನೆಗೆ ಉಳಿಯೋದು ಬರೀ ಕಷ್ಟದ್ದೇ. ಅದಕ್ಕೆ ನಡೆಯುತ್ತಿರುವ ಟಿಕೆಟ್‌ಗಳು ಎಷ್ಟು ದಿನದಿಂದ ಅಲ್ಲೇ ಕೂತಿವೆ ಅಂತ ಮೊದಲು ನೋಡಿ. ಟೀಮ್‌ನಿಂದ ಯಾರಾದರೂ ಹೋದರೆ ಹಳೇ ಸಂಖ್ಯೆಗಳು ಆ ಟೀಮಿನವೇ ಅಲ್ಲ, ಹೊಸದು ಕೆಲವು ವಾರ ಸೇರುವವರೆಗೆ ನಾನು ಯಾವ ತಾರೀಕನ್ನೂ ಕೊಡಲ್ಲ.

ಪ್ರತಿ ಶುಕ್ರವಾರ ಆ ವಾರದ ಸಂಖ್ಯೆ ಸೇರಿಸಿ, ಉಳಿದ ಟಿಕೆಟ್ ಹೊಸದಾಗಿ ಎಣಿಸಿ ಮತ್ತೆ ಓಡಿಸುತ್ತೇನೆ. ತಾರೀಕು ಒಂದು ವಾರ ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಲ್ಲ. ಸತತವಾಗಿ ಮುಂದಕ್ಕೇ ಹೋಗುತ್ತಿದ್ದರೆ ಮಾತ್ರ ಕೆಲಸ ನಾನು ಇಟ್ಟ 52ನ್ನೂ ಮೀರಿ ಬೆಳೆಯುತ್ತಿದೆಯಾ ಅಂತ ನೋಡುತ್ತೇನೆ, ಆ ದಿನವೇ ಮೇಡಂಗೂ ಹೇಳುತ್ತೇನೆ.