ನೆರೆ ಬಂದಾಗ ಸಹಾಯದ ಮೆಸೇಜ್ ಬರೆಯುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆಯ ನದಿ ದಡದ ಊರುಗಳಿಗೆ ನೀರು ನುಗ್ಗಿದ್ದ ದಿನಗಳು. ನನ್ನ ಫೋನಿಗೆ ಒಂದೇ ಮೆಸೇಜ್ ಆರು ಗ್ರೂಪ್‌ಗಳಿಂದ ಬಂತು. ಒಂದು ಮನೆಯ ಮಾಳಿಗೆ ಮೇಲೆ ಎಂಟು ಜನ ಸಿಕ್ಕಿಕೊಂಡಿದ್ದಾರೆ, ಚಿಕ್ಕ ಮಗುವೂ ಇದೆ, ಬೇಗ ದೋಣಿ ಕಳಿಸಿ ಅಂತ. ಕೆಳಗೆ ಒಂದು ಮೊಬೈಲ್ ನಂಬರ್. ನಾನೂ ಕರೆ ಮಾಡಿದೆ. ಎತ್ತಿದವರು ಸುಸ್ತಾದ ದನಿಯಲ್ಲಿ ಹೇಳಿದರು: “ನಿನ್ನೆ ಮಧ್ಯಾಹ್ನನ ನಮ್ಮನ್ನ ಹೊರಗ ತಂದಾರ್ರಿ. ಮುಂಜಾನಿಂದ ಬರೇ ಇದ ಫೋನು. ಚಾರ್ಜ್ ಮುಗ್ಯಾಕ ಬಂದೈತಿ, ಕರೆಂಟ್ ಇಲ್ಲ. ನಮ್ಮ ತಮ್ಮ ಎಲ್ಲಿದಾನ ಅಂತ ಕೇಳಾಕೂ ಬ್ಯಾಟ್ರಿ ಉಳಿವಲ್ದು.”

ಆ ಮೆಸೇಜ್ ಸುಳ್ಳಲ್ಲ. ಹಿಂದಿನ ದಿನ ಅದು ನಿಜವೇ ಆಗಿತ್ತು. ಆದರೆ ಅದರಲ್ಲಿ ದಿನ ಇರಲಿಲ್ಲ, ಹೊತ್ತು ಇರಲಿಲ್ಲ. ಬರೆದವರು ಯಾರು ಅಂತ ಇರಲಿಲ್ಲ. ನಾನು ಮಾಡಿದ ಕರೆಯೂ ಅವರ ಬ್ಯಾಟರಿ ತಿಂದಿತು. ಆಮೇಲೆ ನಮ್ಮ ಬೀದಿಯ ಗ್ರೂಪ್‌ನಲ್ಲಿ ಸಹಾಯದ ಮೆಸೇಜ್ ಬರೆಯುವ ಕೆಲಸಕ್ಕೆ ನಾವು ನಾಲ್ಕು ಜನ ಒಂದು ಪದ್ಧತಿ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು: ಯಾವ ನಂಬರ್ ಯಾವ ಕೆಲಸಕ್ಕೆ

ಮೂವತ್ತು ನಂಬರ್ ಇರುವ ಪಟ್ಟಿ ಯಾರಿಗೂ ಉಪಯೋಗವಿಲ್ಲ. ನೀರಲ್ಲಿ ನಿಂತವರು ಪಟ್ಟಿ ಓದುವುದಿಲ್ಲ, ಮೊದಲು ಕಂಡ ನಂಬರ್ ಒತ್ತುತ್ತಾರೆ. ಆದ್ದರಿಂದ ನಾಲ್ಕೈದು ಸಾಕು.

ಜೀವಕ್ಕೆ ಅಪಾಯ ಇದ್ದರೆ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೇ ನಂಬರ್. ಬರೀ ಆಂಬುಲೆನ್ಸ್ ಬೇಕಿದ್ದರೆ 108. ಮನೆ ಬಿಡಬೇಕು, ದೋಣಿ ಬೇಕು, ಎಲ್ಲಿಗೆ ಹೋಗಬೇಕು ಗೊತ್ತಿಲ್ಲ ಅಂದರೆ 1077, ಅಂದರೆ ಜಿಲ್ಲೆಯ ಕಂಟ್ರೋಲ್ ರೂಮ್. ರಾಜ್ಯದ ಕಂಟ್ರೋಲ್ ರೂಮ್ 1070. ತಂತಿ ಹರಿದು ನೀರಿಗೆ ಬಿದ್ದಿದ್ದರೆ 1912.

1077ರ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಇದು ಪ್ರತಿ ಜಿಲ್ಲೆಗೂ ಇರುವ ನಂಬರ್. ಬೆಂಗಳೂರಲ್ಲಿ ಕೂತು ಊರಲ್ಲಿರುವ ಅಪ್ಪ ಅಮ್ಮನಿಗಾಗಿ ಸುಮ್ನೆ 1077 ಒತ್ತಿದರೆ ಕರೆ ಚಿಕ್ಕೋಡಿ ಕಡೆಗೆ ಹೋಗುವುದಿಲ್ಲ. ಹೊರಗಿನಿಂದ ಮಾಡುವವರು ಮುಂದೆ ಆ ಜಿಲ್ಲಾ ಕೇಂದ್ರದ ಎಸ್‌ಟಿಡಿ ಕೋಡ್ ಸೇರಿಸಬೇಕು: ಬೆಳಗಾವಿಗೆ 0831, ಮಡಿಕೇರಿಗೆ 08272. ನೆರೆಯ ಹೊತ್ತಿಗೆ ಅರ್ಧದಷ್ಟು ಕರೆಗಳು ಹೊರಗಿರುವ ಮಕ್ಕಳಿಂದಲೇ ಬರುತ್ತವೆ ಅಂತ ನನಗೆ ಅನಿಸುತ್ತದೆ. ಹಾಗಾಗಿ ಕೋಡ್ ಸಮೇತ ಬರೆಯಿರಿ. ಜತೆಗೆ ತಹಶೀಲ್ದಾರ್ ಕಚೇರಿಯ ಲ್ಯಾಂಡ್‌ಲೈನ್ ಒಂದು ಇದ್ದರೆ ಸಾಕು. ಅಧಿಕಾರಿಗಳ ಸ್ವಂತ ಮೊಬೈಲ್ ನಂಬರ್ ಹಾಕಬೇಡಿ. ಅವರಿಗೆ ವರ್ಗಾವಣೆ ಆಗಿರುತ್ತದೆ, ನಂಬರ್ ಮಾತ್ರ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇರುತ್ತದೆ.

ಆಮೇಲೆ: ಕರೆ ಮಾಡಿ ಕೇಳಿ

ಸರ್ಕಾರ ತೆರೆಯುವ ಆಸರೆಯ ಜಾಗಕ್ಕೆ ಈಗ ಕಾಳಜಿ ಕೇಂದ್ರ ಅನ್ನುತ್ತಾರೆ. ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ಇನ್ನೂ ಗಂಜಿ ಕೇಂದ್ರವೇ. ಸಾಮಾನ್ಯವಾಗಿ ಸರ್ಕಾರಿ ಶಾಲೆ, ಹಾಸ್ಟೆಲ್, ಕಲ್ಯಾಣ ಮಂಟಪದಲ್ಲಿ ತೆರೆಯುತ್ತಾರೆ. ಎಲ್ಲಿ ತೆರೆದಿದೆ ಅಂತ ಪಕ್ಕಾ ಗೊತ್ತಿರುವವರು ಗ್ರಾಮ ಆಡಳಿತಾಧಿಕಾರಿ, ಪಿಡಿಒ, ತಹಶೀಲ್ದಾರ್ ಕಚೇರಿ. ಇವರಲ್ಲಿ ಒಬ್ಬರನ್ನು ಅಥವಾ ಆ ಕೇಂದ್ರದಲ್ಲೇ ನಿಂತಿರುವ ಒಬ್ಬರನ್ನು ಕೇಳಿದ ಮೇಲೆಯೇ ಮೆಸೇಜ್ ಬರೆಯಬೇಕು. “ನಮ್ಮ ಮಾಮಾ ಹೇಳಿದರು” ಅಂದರೆ, ಮಾಮಾ ಅಲ್ಲಿಗೆ ಹೋಗಿ ನೋಡಿದ್ದಾರಾ ಅಂತ ಕೇಳಿ.

ಒಂದು ಗ್ರೂಪ್‌ನಿಂದ ಒಬ್ಬರೇ ಕರೆ ಮಾಡಲಿ. ಎಲ್ಲರೂ ಮಾಡಿದರೆ ಮೇಲೆ ಹೇಳಿದ ಕತೆಯೇ ಮತ್ತೆ ಆಗುತ್ತದೆ.

ಏನು ಕೇಳಬೇಕು? ಕೇಂದ್ರ ಈಗ ತೆರೆದಿದೆಯಾ. ಜಾಗ ಇದೆಯಾ. ಅಲ್ಲಿಗೆ ಬರುವ ದಾರಿ ಯಾವುದು, ಯಾವುದು ಮುಚ್ಚಿದೆ. ದನಕರು ತರಬಹುದಾ. ಈ ಕೊನೆಯ ಪ್ರಶ್ನೆ ಪೇಟೆಯವರಿಗೆ ಹೊಳೆಯುವುದಿಲ್ಲ. ಎಮ್ಮೆ ಕಟ್ಟಲು ಜಾಗ ಇಲ್ಲ ಅಂದರೆ ಎಷ್ಟೋ ಮಂದಿ ಸೊಂಟದವರೆಗೆ ನೀರು ಬಂದರೂ ಮನೆ ಬಿಡುವುದಿಲ್ಲ. ನಾನೊಮ್ಮೆ ಕೇಳಿದಾಗ ಬಂದ ಉತ್ತರ ಹೀಗಿತ್ತು: “ಮಂದಿಗೆ ಜಾಗ ಐತ್ರಿ, ದನಕ್ಕ ಇಲ್ಲಿಲ್ಲ. ದನ ಎಪಿಎಂಸಿ ಶೆಡ್ಡಿಗೆ ಹೊಡಕೊಂಡು ಬರ್ರಿ, ಮೇವು ಅಲ್ಲೇ ಕೊಡಾಕತ್ತಾರ.” ಈ ಎರಡು ವಾಕ್ಯ ಮೆಸೇಜಿಗೆ ಸೇರಿದ ಮೇಲೆ ನಮಗೆ ಗೊತ್ತಿದ್ದ ಎರಡು ಮನೆಯವರು ಹೊರಟರು.

ದಾರಿಯ ಪ್ರಶ್ನೆಯೂ ಅಷ್ಟೇ ಮುಖ್ಯ. ಚಿಕ್ಕೋಡಿ ತಾಲ್ಲೂಕಿನಲ್ಲಿ ಕಲ್ಲೋಳ–ಯಡೂರ ನಡುವಿನ ಸೇತುವೆ ಕೃಷ್ಣೆ ಏರಿದಾಗ ಮುಳುಗುವ ಸೇತುವೆಗಳಲ್ಲಿ ಒಂದು. ಎರಡೂ ಊರು ಒಂದೇ ತಾಲ್ಲೂಕು, ಮ್ಯಾಪ್‌ನಲ್ಲಿ ಅಕ್ಕಪಕ್ಕ. ಆದರೆ ಸೇತುವೆ ಮುಳುಗಿದ ದಿನ ಆಚೆ ದಡದ ಕೇಂದ್ರ ಈಚೆ ದಡದವರಿಗೆ ಇದ್ದೂ ಇಲ್ಲದಂತೆ. ಅದನ್ನು ನಂಬಿ ಟ್ರ್ಯಾಕ್ಟರ್ ಹತ್ತಿ ಹೊರಟವರು ನೀರಿನ ಅಂಚಿಗೆ ಬಂದು ನಿಲ್ಲಬೇಕಾಗುತ್ತದೆ. ಕೆಲವರು ನಿಲ್ಲದೆ ಇಳಿಯುತ್ತಾರೆ, ಅದೇ ಭಯ. ಹಾಗಾಗಿ ಕೇಂದ್ರದ ಹೆಸರಿನ ಜತೆ ಅದು ಯಾವ ದಡದಲ್ಲಿದೆ ಅಂತ ಬರೆಯಲೇಬೇಕು.

ಬರೆಯುವುದು

ಸಾಮಾನ್ಯವಾಗಿ ಬರುವ ಮೆಸೇಜ್ ಹೀಗಿರುತ್ತದೆ:

“ತುರ್ತು!! ನೆರೆಯಲ್ಲಿ ಸಿಕ್ಕವರಿಗೆ ಶಾಲೆಯಲ್ಲಿ ಊಟ ವಸತಿ ವ್ಯವಸ್ಥೆ ಇದೆ. ಈ ನಂಬರಿಗೆ ಕರೆ ಮಾಡಿ. ಎಲ್ಲ ಗ್ರೂಪಿಗೂ ಕಳಿಸಿ, ಒಂದು ಜೀವ ಉಳಿಯಬಹುದು.”

ಯಾವ ಊರಿನ ಶಾಲೆ? ಇವತ್ತಿನದಾ, ಹೋದ ವರ್ಷದ್ದಾ? ಒಂದಕ್ಕೂ ಉತ್ತರವಿಲ್ಲ. ಇದನ್ನೇ ವಿಚಾರಿಸಿ ಬರೆದರೆ ಹೀಗಾಗುತ್ತದೆ. ಉದಾಹರಣೆ ಆದ್ದರಿಂದ ಊರು, ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ.

“ಕಾಳಜಿ ಕೇಂದ್ರ: ____ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಮಾರುತಿ ಗುಡಿ ಹಿಂದೆ. ನದಿಯ ದಕ್ಷಿಣ ದಡ.
ತೆರೆದಿದೆ. ಸದ್ಯ ಸುಮಾರು 40 ಜನರಿಗೆ ಜಾಗ ಇದೆ.
ದಾರಿ: ಚಿಕ್ಕೋಡಿ ರಸ್ತೆಯಿಂದ ಬನ್ನಿ. ಸೇತುವೆ ದಾರಿ ಮುಳುಗಿದೆ, ಆ ಕಡೆ ಬರಬೇಡಿ.
ದನಕರು: ಎಪಿಎಂಸಿ ಶೆಡ್, ಮೇವು ಇದೆ.
ದೋಣಿ ಬೇಕಿದ್ದರೆ: 1077, ಹೊರ ಜಿಲ್ಲೆಯಿಂದ 0831 1077.
ವಿಚಾರಿಸಿದ್ದು: 8 ಆಗಸ್ಟ್ 2019, ಸಂಜೆ 4.10, ಕೇಂದ್ರದಲ್ಲಿರುವ ಪಿಡಿಒ ಅವರಿಂದ.
ರಾತ್ರಿ 10 ಗಂಟೆಯ ನಂತರ ಈ ಮೆಸೇಜ್ ಕಳಿಸಬೇಡಿ, ಹೊಸದು ಬರುತ್ತದೆ.”

ಕೊನೆಯ ಎರಡು ಸಾಲೇ ಇದರ ಜೀವ. ದಿನದ ಜತೆ ವರ್ಷ ಇರಲಿ. ಬರೀ “ಆಗಸ್ಟ್ 8” ಅಂತ ಬರೆದದ್ದು ಮುಂದಿನ ಆಗಸ್ಟ್‌ನಲ್ಲಿ ಮತ್ತೆ ಎದ್ದು ಬರುತ್ತದೆ. ಯಾರಿಂದ ವಿಚಾರಿಸಿದ್ದು ಅಂತ ಬರೆಯುವಾಗ ಅವರ ಹುದ್ದೆ ಸಾಕು, ಹೆಸರು ಬೇಡ. ಸಿಕ್ಕಿಕೊಂಡವರ ಹೆಸರು, ಫೋಟೊ, ಮನೆ ನಂಬರ್ ಕಂಟ್ರೋಲ್ ರೂಮಿಗೆ ಹೇಳಿ. ಗ್ರೂಪಿಗೆ ಹಾಕಬೇಡಿ.

ಇದನ್ನು ಬಣ್ಣದ ಪೋಸ್ಟರ್ ಮಾಡಲು ಹೋಗಬೇಡಿ. ಚಿತ್ರದೊಳಗಿನ ನಂಬರನ್ನು ಒತ್ತಿ ಕರೆ ಮಾಡಲು ಆಗುವುದಿಲ್ಲ, ನೆಟ್‌ವರ್ಕ್ ಕಡಿಮೆ ಇದ್ದಾಗ ಚಿತ್ರ ತೆರೆಯುವುದೂ ಇಲ್ಲ. ಅದೇ ಅಕ್ಷರದಲ್ಲಿದ್ದರೆ ಎಸ್‌ಎಂಎಸ್ ಆಗಿಯೂ ಹೋಗುತ್ತದೆ. ನಂಬರನ್ನು ೧೦೭೭ ಅಂತ ಬರೆಯದೆ 1077 ಅಂತಲೇ ಬರೆಯಿರಿ, ಆಗ ಫೋನ್ ಅದನ್ನು ನಂಬರ್ ಅಂತ ಗುರುತಿಸುತ್ತದೆ. ಕನ್ನಡ ಅಂಕಿ ನನಗೂ ಇಷ್ಟ, ಆದರೆ ಇಲ್ಲಿ ಬೇಡ.

“ಡ್ಯಾಂ ಒಡೆದಿದೆ” ಅಂತ ಬಂದರೆ

ಪ್ರತಿ ನೆರೆಯಲ್ಲೂ ಇದು ಬರುತ್ತದೆ. 2018ರಲ್ಲಿ ಕೇರಳದಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟಿನ ಬಗ್ಗೆ ಇಂಥದೇ ಸುಳ್ಳು ಸುದ್ದಿ ಹಬ್ಬಿ ಜನ ಗಾಬರಿಯಾಗಿದ್ದರು. ಇದರಲ್ಲಿ ಹೆಚ್ಚಾಗಿ ಆಗುವುದು ಎರಡು ಮಾತಿನ ಕಲಸುಮೇಲೋಗರ. ಗೇಟ್ ತೆರೆದು ನೀರು ಬಿಡುವುದು ಬೇರೆ, ಅಣೆಕಟ್ಟು ಒಡೆಯುವುದು ಬೇರೆ. ನೀರು ಬಿಟ್ಟ ಸುದ್ದಿಯಲ್ಲಿ ಯಾವ ಜಲಾಶಯ, ಎಷ್ಟು ಕ್ಯೂಸೆಕ್, ಎಷ್ಟು ಗಂಟೆಗೆ ಅಂತ ಇರುತ್ತದೆ. ಈ ಮೂರೂ ಇಲ್ಲದ ಮೆಸೇಜ್ ಬಂದರೆ, ಅದರಲ್ಲೂ ಹೆಸರಿಲ್ಲದ ಗಾಬರಿಯ ದನಿಯ ಆಡಿಯೊ ಬಂದರೆ, ಅಲ್ಲೇ ನಿಲ್ಲಿಸಿ 1077ಕ್ಕೆ ಕೇಳಿ. ಜನರಲ್ಲಿ ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹಬ್ಬಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 54ರಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಆಗಬಹುದು.

ಇದಕ್ಕಿಂತ ನನಗೆ ಜಾಸ್ತಿ ಹೆದರಿಕೆ ತರುವುದು ಒಳ್ಳೆ ಸುದ್ದಿಯ ಮೆಸೇಜ್. “ಮಳೆ ನಿಂತಿದೆ, ಎಲ್ಲರೂ ಮನೆಗೆ ಹೋಗಬಹುದು” ಅನ್ನುವಂಥದ್ದು. ಕೃಷ್ಣಾ ದಡದಲ್ಲಿ ನಮ್ಮ ತಲೆ ಮೇಲಿನ ಮೋಡ ನೋಡಿ ಏನೂ ಹೇಳಲಾಗದು. ಮಳೆ ಬೀಳುವುದು ಮಹಾರಾಷ್ಟ್ರದ ಮಹಾಬಲೇಶ್ವರ, ಕೊಯ್ನಾ ಕಡೆ. ಆ ನೀರು ರಾಜಾಪುರ ಬ್ಯಾರೇಜ್ ದಾಟಿ ನಮ್ಮತ್ತ ಬರುತ್ತದೆ, ದೂಧಗಂಗಾ ನೀರೂ ಸೇರಿಕೊಳ್ಳುತ್ತದೆ. ಚಿಕ್ಕೋಡಿಯಲ್ಲಿ ಬಿಸಿಲು ಬಿದ್ದಿರುವಾಗಲೇ ನದಿ ಏರುತ್ತಿರಬಹುದು. ಮನೆಗೆ ಮರಳುವ ಮಾತನ್ನು ತಹಶೀಲ್ದಾರ್ ಕಚೇರಿ ಹೇಳಲಿ, ನಾವು ಬರೆಯುವುದು ಬೇಡ.

ಕಳಿಸಿದ ಮೇಲೆ

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ಮಾತ್ರ ತಿದ್ದಬಹುದು. ತಿದ್ದುವುದರೊಳಗೆ ಬೇರೆಯವರು ಫಾರ್ವರ್ಡ್ ಮಾಡಿದ್ದರೆ ಅಲ್ಲಿ ಹಳೆಯದೇ ಉಳಿಯುತ್ತದೆ. ಹಾಗಾಗಿ ತಪ್ಪು ಕಂಡರೆ ಹೊಸ ಮೆಸೇಜ್ ಬರೆದು, ಮೊದಲ ಸಾಲಲ್ಲೇ “4.10ರ ಮೆಸೇಜ್ ರದ್ದು” ಅಂತ ಹಾಕಿ, ಕಳಿಸಿದ ಎಲ್ಲ ಗ್ರೂಪಿಗೂ ಮತ್ತೆ ಕಳಿಸಿ. ಎಲ್ಲೆಲ್ಲಿ ಕಳಿಸಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಇದು ಸುಲಭ. ನಮ್ಮ ಗ್ರೂಪ್‌ನಲ್ಲಿ ಪಕ್ಕದ ಮನೆಯ ಅಕ್ಕ ಈ ಚೀಟಿಯನ್ನು ಮಕ್ಕಳ ಹಳೆ ನೋಟ್‌ಬುಕ್‌ನ ಕೊನೆ ಪುಟದಲ್ಲಿ ಬರೆಯುತ್ತಾರೆ.

ಕೇಂದ್ರ ತುಂಬಿದರೆ “ತುಂಬಿದೆ” ಅಂತ ಬರೆದು ಮುಂದಿನ ಕೇಂದ್ರದ ಹೆಸರು ಕೊಡಿ. ಸಿಕ್ಕಿಕೊಂಡವರು ಹೊರಗೆ ಬಂದರೆ “ಹೊರಗೆ ಬಂದರು, ಇನ್ನು ಕರೆ ಮಾಡಬೇಡಿ” ಅಂತ ಅದೇ ಗ್ರೂಪ್‌ಗಳಿಗೆ ಕಳಿಸಿ. ಬೇಡಿಕೆಯ ಮೆಸೇಜ್ ಕಳಿಸಿದವರೇ ಇದನ್ನೂ ಕಳಿಸಬೇಕು, ಆ ಕೆಲಸ ಬೇರೆ ಯಾರೂ ಮಾಡುವುದಿಲ್ಲ.

ನೀರು ಇಳಿದ ಮೇಲೆ ಪಟ್ಟಿಯನ್ನು ಅಳಿಸಬೇಡಿ, ನೋಟ್‌ಬುಕ್‌ಗೆ ಇಳಿಸಿಕೊಳ್ಳಿ. ಮುಂದಿನ ಜೂನ್ ಮೊದಲ ವಾರ ಒಂದು ಸಂಜೆ ಕೂತು ಪ್ರತಿ ಲ್ಯಾಂಡ್‌ಲೈನ್‌ಗೂ ಒಮ್ಮೆ ಕರೆ ಮಾಡಿ. ಎತ್ತದ ನಂಬರಿಗೆ ಗೀಟು ಹೊಡೆದು, ಹೊಸದನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ಪಕ್ಕದಲ್ಲಿ ಬರೆಯಿರಿ.