ಚೆಕ್ಕಿನ ಮೇಲಿನ 1 ಮತ್ತು 7: ಅನುಮಾನದ ಅಂಕಿ ಹಿಡಿದ ನನ್ನ ಅನುಭವ

ನಾನು ಒಂದು ಪಟ್ಟಣ ಸಹಕಾರ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆದು ಕೊಡುತ್ತೇನೆ. ಕ್ಲಿಯರಿಂಗ್ ಸೆಕ್ಷನ್‌ನವರು ಕೇಳಿದ್ದು ಇಷ್ಟೇ: ಸ್ಕ್ಯಾನ್ ಆದ ಚೆಕ್ಕಿನಿಂದ ಮೊತ್ತ, ದಿನಾಂಕ, ಕೆಳಗೆ ಕಾಂತ ಗುಣದ ಶಾಯಿಯಲ್ಲಿ ಅಚ್ಚಾದ ಎಂಐಸಿಆರ್ ಪಟ್ಟಿ ಮೂರನ್ನೂ ಓದಬೇಕು, ಅನುಮಾನ ಇರುವ ಅಂಕಿಯನ್ನು ಮಾತ್ರ ಜನರಿಗೆ ತೋರಿಸಬೇಕು. ಓದಿಸುವುದು ಅಂಥ ಕಷ್ಟದ ಕೆಲಸವಲ್ಲ, ಅದಕ್ಕೆ ಬೇಕಾದ ಲೈಬ್ರರಿಗಳು ಸಿಗುತ್ತವೆ. ಯಾವುದನ್ನು ಅನುಮಾನಿಸಬೇಕು ಅನ್ನೋದೇ ಇಲ್ಲಿ ನಿಜವಾದ ಕೆಲಸ. ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಸುಲಭವಾದ ಎಂಐಸಿಆರ್ ಪಟ್ಟಿಯಿಂದ ಶುರು ಮಾಡೋಣ. ನಮ್ಮ ದೇಶದ ಚೆಕ್ಕಿನಲ್ಲಿ ಅದು ಹೀಗಿರುತ್ತದೆ:

```
⑈123456⑈ 560002XXX⑆ 001234⑈ 31
```

ಮೊದಲು 6 ಅಂಕಿಯ ಚೆಕ್ ನಂಬರ್, ಆಮೇಲೆ 9 ಅಂಕಿಯ ಎಂಐಸಿಆರ್ ಕೋಡ್, ನಂತರ ಖಾತೆಗೆ ಸಂಬಂಧಿಸಿದ 6 ಅಂಕಿ, ಕೊನೆಗೆ ವ್ಯವಹಾರದ ಬಗೆ ಹೇಳುವ 2 ಅಂಕಿ. ಕೋಡಿನ ಮೊದಲ ಮೂರು ಅಂಕಿ ಊರಿನದು, ಮುಂದಿನ ಮೂರು ಬ್ಯಾಂಕಿನದು, ಕೊನೆಯ ಮೂರು ಶಾಖೆಯದು. 560 ಅಂದರೆ ಬೆಂಗಳೂರು, 002 ಅಂದರೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ. ಊರಿನ ಸಂಖ್ಯೆ ಪಿನ್ ಕೋಡಿನ ಮೊದಲ ಮೂರು ಅಂಕಿಯ ಹಾಗೇ ಇರುವುದರಿಂದ ಕಣ್ಣಿಗೂ ಬೇಗ ಸಿಗುತ್ತದೆ.

ಈ ಅಕ್ಷರಗಳ ಹೆಸರು ಇ-13ಬಿ. ಒಂದು ಇಂಚಿಗೆ 8 ಅಕ್ಷರ. ಚೆಕ್ಕಿನ ಕಪ್ಪು-ಬಿಳುಪು ಚಿತ್ರ 200 ಡಿಪಿಐ ಇರುತ್ತದೆ, ಅಂದರೆ ಒಂದೊಂದು ಅಕ್ಷರಕ್ಕೆ ಸರಿಯಾಗಿ 25 ಪಿಕ್ಸೆಲ್ ಜಾಗ. ಈ ಅಳತೆ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಎಲ್ಲರೂ ಮೊದಲು ಮಾಡುವುದು, ಅಂಟಿಕೊಂಡಿರುವ ಕಪ್ಪು ತುಂಡುಗಳನ್ನು ಹುಡುಕಿ ಒಂದೊಂದನ್ನೂ ಒಂದು ಅಕ್ಷರ ಅಂತ ಕತ್ತರಿಸುವುದು. ಇಲ್ಲಿ ಅದು ನಡೆಯೋದಿಲ್ಲ. ⑆ ಮತ್ತು ⑈ ಗುರುತುಗಳು ಮೂರು ಮೂರು ಬಿಡಿ ತುಂಡುಗಳಿಂದ ಆಗಿವೆ, ಒಂದು ಗುರುತು ಮೂರು ಅಕ್ಷರವಾಗಿ ಎಣಿಕೆಗೆ ಸಿಗುತ್ತದೆ. ಅದಕ್ಕೇ ನಾನು ಮೊದಲು ಚಿತ್ರದ ಓರೆ ಸರಿ ಮಾಡಿ, 25 ಪಿಕ್ಸೆಲ್‌ನ ಕೋಣೆಗಳಾಗಿ ಕತ್ತರಿಸುತ್ತೇನೆ. ಅಂತರವನ್ನು ಅಕ್ಷರದ ಬಲ ಅಂಚಿನಿಂದ ಬಲ ಅಂಚಿಗೆ ಅಳೆಯಬೇಕು, ಯಾಕೆಂದರೆ 1 ಮತ್ತು 2 ಬೇರೆಯವಕ್ಕಿಂತ ಸಪೂರ.

ಇಷ್ಟು ಮಾಡಿದ ಮೇಲೂ ಅನುಮಾನ ಹುಟ್ಟುವುದು ಬಹುಮಟ್ಟಿಗೆ ಸೀಲ್ ಮತ್ತು ಸಹಿಯಿಂದ. ಪಟ್ಟಿಯ ಜಾಗ ಖಾಲಿ ಬಿಡಬೇಕು ಅಂತ ಇದ್ದರೂ ಸಹಿಯ ಬಾಲ ಕೆಳಗೆ ಇಳಿಯುತ್ತದೆ, ರೌಂಡ್ ಸೀಲ್ ಅಂಚು ಅಂಕಿಯ ಮೇಲೆ ಕೂರುತ್ತದೆ. ಬಾಲ್ ಪೆನ್ನಿನ ಶಾಯಿಗೆ ಕಾಂತ ಗುಣ ಇಲ್ಲ, ಸ್ಕ್ಯಾನರಿನ ಮ್ಯಾಗ್ನೆಟಿಕ್ ಹೆಡ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಿತ್ರ ಓದುವ ನಮ್ಮ ಪ್ರೋಗ್ರಾಮಿಗೆ ಮಾತ್ರ ಎಲ್ಲವೂ ಕಪ್ಪೇ. ಸ್ಕ್ಯಾನರ್ ಕೊಡುವ ಕಾಂತದ ಓದು ಮತ್ತು ಚಿತ್ರದ ಓದು ಎರಡೂ ಇದ್ದರೆ ಎರಡನ್ನೂ ಇಟ್ಟುಕೊಳ್ಳಿ. ಅವೆರಡೂ ಒಪ್ಪದ ಅಂಕಿಗೆ ಬೇರೆ ಲೆಕ್ಕವೇ ಬೇಡ, ಕೆಂಪು ಗುರುತು ಹಾಕಿದರಾಯಿತು.

ಭಾರತದ ಎಂಐಸಿಆರ್ ಕೋಡಿನಲ್ಲಿ ತಪ್ಪು ಹಿಡಿಯುವ ಚೆಕ್ ಡಿಜಿಟ್ ಇಲ್ಲ. ಹಾಗಾಗಿ ಶಾಖೆಗಳ ಮಾಸ್ಟರ್ ಪಟ್ಟಿಯಲ್ಲಿ ಕೋಡ್ ಇದೆಯಾ ಅಂತ ನೋಡಬೇಕು. ಅದೊಂದನ್ನೇ ನಂಬಿಕೊಂಡರೂ ಕಷ್ಟ. 560ರಲ್ಲಿನ 6ರ ಮೇಲೆ ಸೀಲ್ ಬಿದ್ದು 580 ಅಂತ ಓದಿದರೆ ಅದು ಹುಬ್ಬಳ್ಳಿ-ಧಾರವಾಡ ಕಡೆಯ ಸಂಖ್ಯೆ. ಅದೇ ಬ್ಯಾಂಕಿಗೆ ಅಲ್ಲೂ ಶಾಖೆ ಇದ್ದು, ಕೊನೆಯ ಮೂರು ಅಂಕಿಯೂ ಹೊಂದಿಬಿಟ್ಟರೆ ಪಟ್ಟಿ ಎರಡಕ್ಕೂ ಸರಿ ಅನ್ನುತ್ತದೆ. ಅದಕ್ಕೆ ಮೇಲೆ ಮುದ್ರಿಸಿರುವ ಐಎಫ್‌ಎಸ್‌ಸಿಯನ್ನೂ ಓದಿಸಿ ತಾಳೆ ನೋಡುತ್ತೇನೆ. ಅದು ಸಾದಾ ಅಚ್ಚು, ಸೀಲ್ ಅಲ್ಲಿಗೆ ಹೋಗೋದು ಕಡಿಮೆ.

ಇನ್ನು ಮೊತ್ತ. ಇಲ್ಲಿ ಕೈಬರಹ, ಎಲ್ಲ ತಲೆನೋವೂ ಇಲ್ಲೇ.

ಸಿಟಿಎಸ್‌ನಲ್ಲಿ, ಅಂದರೆ ಚೆಕ್ಕಿನ ಬದಲು ಅದರ ಚಿತ್ರ ಕಳಿಸುವ ಕ್ಲಿಯರಿಂಗ್ ವ್ಯವಸ್ಥೆಯಲ್ಲಿ, ಚೆಕ್ಕಿನ ಮುಂಭಾಗದ ಎರಡು ಚಿತ್ರ ಬರುತ್ತವೆ. ಒಂದು 200 ಡಿಪಿಐನ ಕಪ್ಪು-ಬಿಳುಪು, ಇನ್ನೊಂದು 100 ಡಿಪಿಐನ ಬೂದು ಬಣ್ಣದ್ದು. ಮೊದಲನೆಯದು ಚೂಪಾಗಿದೆ ಅಂತ ಅದನ್ನೇ ಓದಲು ಮನಸ್ಸಾಗುತ್ತದೆ. ಆದರೆ ಕಪ್ಪು-ಬಿಳುಪು ಮಾಡುವಾಗ ಒಂದು ಮಟ್ಟಕ್ಕಿಂತ ತಿಳಿಯಾದ ಗೆರೆ ಪೂರ್ತಿ ಮಾಯವಾಗಿರುತ್ತದೆ. ತಿಳಿ ನೀಲಿ ಪೆನ್ನಿನಲ್ಲಿ ಬರೆದ 7ರ ಮೇಲಿನ ಅಡ್ಡಗೆರೆ ಹೋದರೆ ಉಳಿಯುವುದು 1. ನೋಡೋಕೆ ಚೊಕ್ಕ 1, ಯಂತ್ರಕ್ಕೆ ಅದರ ಮೇಲೆ ಏನೂ ಅನುಮಾನ ಬರೋದಿಲ್ಲ. ಹಾಗಾಗಿ ಎರಡು ಚಿತ್ರವನ್ನೂ ಬೇರೆ ಬೇರೆ ಓದಿಸಿ, ಉತ್ತರಗಳನ್ನು ಪಕ್ಕ ಪಕ್ಕ ಇಡುತ್ತೇನೆ.

ಅನುಮಾನವನ್ನು ಅಳೆಯುವುದು ಹೇಗೆ? ಒಂದು ಅಂಕಿಯನ್ನು ಓದುವಾಗ ಅದು 0 ಇರಬಹುದಾ, 1 ಇರಬಹುದಾ ಅಂತ ಪ್ರತಿ ಸಾಧ್ಯತೆಗೂ ಮಾಡೆಲ್ ಒಂದೊಂದು ಅಂಕ ಕೊಡುತ್ತದೆ. ಮೊದಲ ಸ್ಥಾನದ ಅಂಕ ಎಷ್ಟು ಅನ್ನೋದಕ್ಕಿಂತ, ಎರಡನೆಯದಕ್ಕೂ ಅದಕ್ಕೂ ಅಂತರ ಎಷ್ಟು ಅನ್ನೋದು ಮುಖ್ಯ.

```python
def doubtful(p, gap):
    a, b = sorted(p, reverse=True)[:2]
    return a - b < gap
```

ಈ `gap` ಎಲ್ಲ ಅಂಕಿಗೂ ಒಂದೇ ಇರಬಾರದು. ಲಕ್ಷದ ಸ್ಥಾನದಲ್ಲಿ ಒಂದು ಅಂಕಿ ತಪ್ಪಿದರೆ ಆಗುವ ನಷ್ಟ, ರೂಪಾಯಿಯ ಸ್ಥಾನದಲ್ಲಿ ತಪ್ಪಿದರೆ ಆಗೋದಿಲ್ಲ, ಅಲ್ವಾ? ಎಡಕ್ಕೆ ಹೋದ ಹಾಗೆ `gap` ದೊಡ್ಡದು ಮಾಡುತ್ತಾ ಹೋಗುತ್ತೇನೆ. ಹತ್ತು ಅಂಕಿಗಳ ಜೊತೆ ‘ಇದು ಅಂಕಿಯೇ ಅಲ್ಲ’ ಅನ್ನುವ ಹನ್ನೊಂದನೆಯ ವರ್ಗವನ್ನೂ ಮಾಡೆಲ್‌ಗೆ ಕಲಿಸಿದ್ದೇನೆ. ಅದಿಲ್ಲದಿದ್ದರೆ ಅಲ್ಪವಿರಾಮ, ಗೀಟು, ಚೌಕದ ಅಂಚು ಎಲ್ಲವೂ ಯಾವುದೋ ಒಂದು ಅಂಕಿಯಾಗಿ ಕೂರುತ್ತವೆ.

ನಮ್ಮವರು ಮೊತ್ತದ ಕೊನೆಗೆ /- ಹಾಕುತ್ತಾರೆ. ಯಂತ್ರ ಆ ಓರೆಗೆರೆಯನ್ನು 1 ಅಂತ ಓದಿದರೆ 1,75,000/- ಹೋಗಿ 1,75,0001 ಆಗುತ್ತದೆ. ಇದನ್ನು ಹಿಡಿಯಲು ಅಲ್ಪವಿರಾಮವೇ ಸಾಕು: ಕೊನೆಯ ಅಲ್ಪವಿರಾಮದ ಬಲಕ್ಕೆ ಮೂರೇ ಅಂಕಿ ಇರಬೇಕು, ಅದರ ಹಿಂದೆ ಎರಡೆರಡು. ಅಲ್ಪವಿರಾಮವನ್ನೇ ಹಾಕದೆ ಬರೆಯುವವರೂ ಬಹಳ ಜನ. ಅಲ್ಲಿ ಕೊನೆಯ 1 ಯಾವಾಗಲೂ ಅನುಮಾನದ ಪಟ್ಟಿಗೆ ಹೋಗುತ್ತದೆ. =00 ಅಂತ ಪೈಸೆ ಬರೆಯುವ ಹಳೆಯ ವ್ಯಾಪಾರಿಗಳ ಚೆಕ್ಕಿಗೂ ಇದೇ ಗತಿ.

ಒಂದು ಚೆಕ್ಕನ್ನು ಪೂರ್ತಿ ನೋಡೋಣ. ಕಪ್ಪು-ಬಿಳುಪು ಚಿತ್ರದ ಪ್ರಕಾರ ಮೊತ್ತ 1,45,000. ಮೊದಲ ಅಂಕಿ 1 ಅನ್ನೋದಕ್ಕೆ 0.91, ಎರಡನೆಯದು 7, ಅದಕ್ಕೆ 0.06. ಇಷ್ಟೇ ನೋಡಿದರೆ ಚೆಕ್ಕು ಸರಾಗವಾಗಿ ದಾಟಿಬಿಡುತ್ತದೆ. ಬೂದು ಚಿತ್ರದಲ್ಲಿ ಅದೇ ಅಂಕಿಗೆ 7 ಅಂತ 0.55, 1 ಅಂತ 0.41. ಎರಡು ಚಿತ್ರದ ಉತ್ತರ ಬೇರೆ, ಅಂತರವೂ ಕಡಿಮೆ, ಮೇಲಾಗಿ ಲಕ್ಷದ ಸ್ಥಾನ. ಕೆಂಪು ಗುರುತು ಬಿತ್ತು. ಬೂದು ಚಿತ್ರ ದೊಡ್ಡದು ಮಾಡಿದರೆ ತಲೆಯ ಮೇಲೆ ಮಸುಕು ಗೆರೆ ಕಾಣುತ್ತದೆ. ಪೆನ್ನು ಅಲ್ಲಿ ಸರಿಯಾಗಿ ಹರಿದಿಲ್ಲ.

ಪರಿಶೀಲಿಸುವ ಮೇಡಂ ನೋಡಿದ್ದು ಆ ಅಂಕಿಯನ್ನಲ್ಲ, ಪಕ್ಕದ ದಿನಾಂಕವನ್ನು. ಅಲ್ಲಿ 17-07-2025 ಅಂತ ಇತ್ತು. ಅದೇ ಕೈ ಬರೆದ 1 ಮತ್ತು 7 ಎರಡೂ ಅಲ್ಲಿವೆ. ಆ ಮನುಷ್ಯ 1 ಬರೆಯುವಾಗ ನೆಟ್ಟಗೆ ಒಂದು ಗೀಟು ಎಳೆಯುತ್ತಾನೆ, 7ರ ಕಾಲು ಎಡಕ್ಕೆ ಬಾಗಿರುತ್ತದೆ. ಮೊತ್ತದ ಮೊದಲ ಅಂಕಿಯ ಕಾಲೂ ಬಾಗಿತ್ತು. ಅಕ್ಷರದಲ್ಲಿ ‘ಏಳು ಲಕ್ಷ ನಲವತ್ತೈದು ಸಾವಿರ’ ಅಂತಲೇ ಇತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಇಲ್ಲಿ ವ್ಯತ್ಯಾಸ ಚೆಕ್ಕಿನಲ್ಲೇ ಇರಲಿಲ್ಲ, ಓದಿನಲ್ಲಿತ್ತು. 1,45,000 ಅಂತ ದಾಟಿದ್ದರೆ ಆರು ಲಕ್ಷದ ವ್ಯತ್ಯಾಸವಷ್ಟೇ ಅಲ್ಲ, 5 ಲಕ್ಷ ಮತ್ತು ಮೇಲಿನ ಚೆಕ್ಕಿಗೆ ಬ್ಯಾಂಕು ಇಟ್ಟಿರುವ, ಚೆಕ್ ಬರೆದವರು ಮೊದಲೇ ತಿಳಿಸಿದ ವಿವರದ ಜೊತೆ ತಾಳೆ ನೋಡುವ ಪಾಸಿಟಿವ್ ಪೇ ತಪಾಸಣೆಯೂ ತಪ್ಪಿಹೋಗುತ್ತಿತ್ತು.

ಇದನ್ನು ನೋಡಿದ ಮೇಲೆ ಪರದೆಯಲ್ಲಿ ಒಂಟಿ ಅಂಕಿ ತೋರಿಸುವುದು ಬಿಟ್ಟೆ. ಈಗ ಮೊತ್ತದ ಚೌಕ, ದಿನಾಂಕ, ಅಕ್ಷರದ ಸಾಲು ಮೂರೂ ಬೂದು ಚಿತ್ರದಿಂದ ಒಟ್ಟಿಗೆ ಬರುತ್ತವೆ. ಯಂತ್ರ ಏನು ಓದಿತು ಅಂತ ಮೊದಲೇ ತೋರಿಸುವುದಿಲ್ಲ. ತೋರಿಸಿದರೆ ಸಂಜೆ ಹೊತ್ತಿಗೆ ಎಲ್ಲರೂ ಸುಮ್ನೆ ಎಂಟರ್ ಒತ್ತುತ್ತಾ ಹೋಗುತ್ತಾರೆ. ಅನುಮಾನದ ಅಂಕಿಯ ಜಾಗ ಖಾಲಿ ಇರುತ್ತದೆ, ಅವರೇ ಟೈಪ್ ಮಾಡಬೇಕು.

ದಿನಾಂಕಕ್ಕೆ ಎಂಟು ಚೌಕ ಇರುವುದರಿಂದ ಕತ್ತರಿಸುವುದು ಸಲೀಸು. ಕ್ಯಾಲೆಂಡರ್ ಕೂಡ ಸಹಾಯಕ್ಕೆ ಬರುತ್ತದೆ: ತಿಂಗಳು 17 ಅಂತ ಓದಿದರೆ ಆ ಎರಡು ಅಂಕಿಗಳಲ್ಲಿ ಒಂದಾದರೂ ಖಂಡಿತ ತಪ್ಪು. ಆದರೆ ಒಂದು ಕಡೆ ಎಚ್ಚರ ಬೇಕು. ಚೆಕ್ಕಿಗೆ ಬರೆದ ದಿನಾಂಕದಿಂದ ಮೂರು ತಿಂಗಳು ಜೀವ, 2012ರ ಏಪ್ರಿಲ್‌ನಿಂದ ಈ ನಿಯಮ ಇದೆ. 2025ರ ಜುಲೈ 10ಕ್ಕೆ ಬಂದ ಚೆಕ್ಕಿನ ತಿಂಗಳು 01 ಅಥವಾ 07 ಅಂತ ಗೊಂದಲ ಇದೆ ಅಂದುಕೊಳ್ಳಿ. 01 ಆದರೆ ಅವಧಿ ಮೀರಿದೆ, 07 ಆದರೆ ಸರಿಯಾಗಿದೆ. ಅವಧಿಯ ನಿಯಮವನ್ನು ಓದುವ ಪ್ರೋಗ್ರಾಮಿಗೇ ಸೇರಿಸಿದರೆ ಅದು ‘07 ಇರಬೇಕು’ ಅಂತ ಆರಿಸಿಬಿಡುತ್ತದೆ. ಹಳಸಿದ ಚೆಕ್ಕನ್ನು ತಡೆಯಬೇಕಾದ ನಿಯಮವೇ ಅದನ್ನು ಒಳಗೆ ಬಿಟ್ಟಂತೆ. ಹಾಗಾಗಿ ಅವಧಿಯ ಲೆಕ್ಕ ಓದು ಮುಗಿದ ಮೇಲೆ. ಎರಡು ಸಾಧ್ಯತೆಗಳಲ್ಲಿ ಒಂದು ಪಾಸ್, ಒಂದು ರಿಟರ್ನ್ ಆಗುವಂತಿದ್ದರೆ ಅಂತರ ಎಷ್ಟೇ ಇರಲಿ, ಜನರೇ ನೋಡಬೇಕು. ತಿಂಗಳು 17ರಂಥದ್ದಕ್ಕೂ ಹಳದಿ ಗುರುತು ಇಟ್ಟಿದ್ದೇನೆ, ತಾನಾಗಿ ತಿದ್ದಿಕೊಳ್ಳಲು ಬಿಟ್ಟಿಲ್ಲ. ಜನವರಿಯಲ್ಲಿ ಹಳೇ ಇಸವಿ ಬರೆಯುವವರು ಹೇಗೂ ಇದ್ದೇ ಇರುತ್ತಾರೆ. ಅವರ ಚೆಕ್ಕಿನಲ್ಲಿ ಓದು ಸರಿ, ಬರೆದದ್ದೇ ತಪ್ಪು. ಅದು ನನ್ನ ಪ್ರೋಗ್ರಾಮಿನ ಕೆಲಸವಲ್ಲ.

ಕನ್ನಡ ಅಂಕಿಯಲ್ಲಿ ಬರೆದ ಚೆಕ್ಕುಗಳೂ ಬರುತ್ತವೆ, ಬರಬೇಕಾದದ್ದೇ. ಅಲ್ಲಿ ೩ ಮತ್ತು ೬ ಕೈಬರಹದಲ್ಲಿ ಹತ್ತಿರ ಹತ್ತಿರ, ಬಾಲ ಸರಿಯಾಗಿ ಬಿಡದಿದ್ದರೆ ಗುರುತಿಸುವುದು ಕಷ್ಟ. ಕನ್ನಡದ ೨ನ್ನು ಇಂಗ್ಲಿಷ್ ಅಂಕಿ ಮಾತ್ರ ಕಲಿತ ಮಾಡೆಲ್ ಧೈರ್ಯವಾಗಿ 9 ಅಂತಲೋ 2 ಅಂತಲೋ ಹೇಳುತ್ತದೆ, ಅಂತರವೂ ದೊಡ್ಡದಾಗಿಯೇ ಬರುತ್ತದೆ. ಹಾಗಾಗಿ `gap` ನೋಡಿ ಅದನ್ನು ಹಿಡಿಯಲಾಗದು. ಸದ್ಯಕ್ಕೆ ಯಾವ ಲಿಪಿಯ ಅಂಕಿ ಅಂತ ಮೊದಲು ಬೇರ್ಪಡಿಸುವ ಚಿಕ್ಕ ಮಾಡೆಲ್ ಒಂದನ್ನು ಮುಂದೆ ಇಟ್ಟಿದ್ದೇನೆ. ಚೌಕದಲ್ಲಿ ಒಂದೇ ಒಂದು ಕನ್ನಡ ಅಂಕಿ ಇದ್ದಂತೆ ಕಂಡರೂ ಇಡೀ ಮೊತ್ತ ಕೈಯಿಂದಲೇ ಟೈಪ್ ಆಗುತ್ತದೆ. ಆ ಚೌಕಗಳನ್ನು, ಖಾತೆದಾರರ ಹೆಸರು ಮತ್ತು ಖಾತೆ ನಂಬರ್ ತೆಗೆದು, ಬ್ಯಾಂಕಿನ ಕಂಪ್ಯೂಟರಿನಲ್ಲೇ ಕೂಡಿಡುತ್ತಿದ್ದೇನೆ. ೩ ಮತ್ತು ೬ ಸಾಕಷ್ಟು ಸೇರಿದ ಮೇಲೆ ಅವಕ್ಕೂ ಓದು ಕಲಿಸುವುದು.